ಟೈಲರಿಂಗ್ ಅಂಗಡಿಗೆ ಬೇಕಾದ್ದು ಬಟ್ಟೆ ರಾಶಿಯಲ್ಲ, ಆಷಾಢದ ದುಡ್ಡು

ಹೊಸದಾಗಿ ಬ್ಲೌಸ್ ಹೊಲಿಯುವ ಅಂಗಡಿ ಇಡುವ ಹೆಣ್ಣುಮಕ್ಕಳಿಗೆ ಎಲ್ಲರೂ ಕೊಡುವ ಸಲಹೆ ಒಂದೇ: "ಅಂಗಡಿ ತುಂಬಿದಂಗೆ ಕಾಣಬೇಕು, ಬಟ್ಟೆ ತಂದು ಹಾಕು." ಈ ಸಲಹೆ ತಪ್ಪು ಅಂತ ನಾವು ಹೇಳುತ್ತೇವೆ. ಲೆಕ್ಕ ಹಾಕಿಯೇ ನೋಡೋಣ.

ಪಿಎಂ ವಿಶ್ವಕರ್ಮ ಯೋಜನೆಯಲ್ಲಿ ದರ್ಜಿಗಳಿಗೆ ಸಲಕರಣೆಗೆಂದು 15,000 ರೂಪಾಯಿ ಇದೆ. ಮೊದಲ ಸಾಲ 1 ಲಕ್ಷದವರೆಗೆ, ಬಡ್ಡಿ ಶೇ. 5, ತೀರಿಸಲು 18 ತಿಂಗಳು. ಹೋಬಳಿ ಮಟ್ಟದ ಊರಲ್ಲಿ ಒಬ್ಬಾಕೆ ಪೂರ್ತಿ 1 ಲಕ್ಷ ತಗೊಂಡಳು ಅನ್ನಿ. ಪವರ್ ಮಷಿನ್, ಓವರ್‌ಲಾಕ್ ಮಷಿನ್, ಕಟಿಂಗ್ ಟೇಬಲ್, ಇಸ್ತ್ರಿ ಪೆಟ್ಟಿಗೆ ಎಲ್ಲ ಸೇರಿ 40,000 ಹಿಡಿಯೋಣ. ಅಂಗಡಿ ಅಡ್ವಾನ್ಸ್ 20,000. ಉಳಿದದ್ದು 40,000. ಸಲಹೆ ಕೊಡುವವರ ಕಣ್ಣು ಬೀಳುವುದು ಈ ದುಡ್ಡಿನ ಮೇಲೆ.

ಈಗ ತಿಂಗಳ ಖರ್ಚು. ಬಾಡಿಗೆ 2,500, ಕರೆಂಟು 600, ಹೆಮ್ಮಿಂಗು, ಹುಕ್ಸು ಮಾಡುವ ಹೆಲ್ಪರ್‌ಗೆ 6,500, ಸಾಲದ ಕಂತು ಸುಮಾರು 5,800. ಒಟ್ಟು 15,400. ಲೈನಿಂಗ್ ಬ್ಲೌಸಿಗೆ 350 ತಗೊಂಡರೆ ಲೈನಿಂಗ್, ದಾರ, ಹುಕ್ಸು ಕಳೆದು 260 ಉಳಿಯುತ್ತದೆ. ಅಂದರೆ ತಿಂಗಳಿಗೆ 60 ಬ್ಲೌಸ್ ಹೊಲಿಯುವ ತನಕ ಆಕೆಗೆ ಒಂದು ರೂಪಾಯಿಯೂ ಇಲ್ಲ. ದಿನಕ್ಕೆ ನಾಲ್ಕರಂತೆ 26 ದಿನ ಹೊಲಿದರೆ 104 ಆಗುತ್ತದೆ, ಕೈಗೆ 11,000 ಚಿಲ್ಲರೆ ಬರುತ್ತದೆ. ಪರವಾಗಿಲ್ಲ.

ಆದರೆ ಆಷಾಢ ಬಂತು. ಮದುವೆ ಇಲ್ಲ, ಕೆಲಸ ಅರ್ಧಕ್ಕಿಳಿಯಿತು ಅನ್ನಿ. 52 ಬ್ಲೌಸಿನಿಂದ ಬರುವುದು 13,520. ತನಗೇನೂ ತಗೊಳ್ಳದೆಯೂ 1,880 ಕೈಯಿಂದ ಹಾಕಬೇಕು, ಮನೆ ಖರ್ಚು ಬೇರೆ. ಆ 40,000 ಬಟ್ಟೆಯಾಗಿ ಶೆಲ್ಫಿನಲ್ಲಿ ಕೂತಿದ್ದರೆ ಎಲ್ಲಿಂದ ತರುತ್ತಾಳೆ? ಆಗ ಮೊದಲು ಬಿಡಿಸುವುದು ಹೆಲ್ಪರ್‌ನ. ಮುಂದಿನ ತಿಂಗಳೇ ಶ್ರಾವಣ, ವರಮಹಾಲಕ್ಷ್ಮಿ. ಎಲ್ಲರಿಗೂ ಹಬ್ಬದ ಹಿಂದಿನ ದಿನವೇ ಬ್ಲೌಸ್ ಬೇಕು. ಬಿಟ್ಟು ಕಳಿಸಿದ ಹುಡುಗಿ ಅಷ್ಟರಲ್ಲಿ ಬೇರೆ ಅಂಗಡಿ ಸೇರಿರುತ್ತಾಳೆ.

ಅಷ್ಟಕ್ಕೂ ಆ ಬಟ್ಟೆ ಯಾರಿಗೆ? ಈಗಿನ ಹೆಚ್ಚಿನ ಸೀರೆಗಳಿಗೆ ಬ್ಲೌಸ್ ಪೀಸ್ ಸೀರೆಯಲ್ಲೇ ಬಂದಿರುತ್ತದೆ. ಗಿರಾಕಿ ಅದನ್ನೇ ತಂದು ಕೊಡುತ್ತಾಳೆ. ಅವಳ ಹತ್ತಿರ ಇಲ್ಲದಿರುವುದು ಅದೇ ಬಣ್ಣದ ಲೈನಿಂಗ್, ಫಾಲ್ಸ್, ದಾರ. ಬಣ್ಣ ಹೆಚ್ಚು, ಮೀಟರ್ ಕಡಿಮೆ ಅಂತ ಇಟ್ಟುಕೊಂಡರೆ ಶುರುವಿಗೆ 5,000 ಸಾಕು. (ಹತ್ತಿ ಲೈನಿಂಗನ್ನು ನೆನೆಸಿ ಒಣಗಿಸಿಯೇ ಕತ್ತರಿಸಿ. ಇಲ್ಲದಿದ್ದರೆ ಮೊದಲ ಒಗೆತಕ್ಕೇ ಅದು ಕುಗ್ಗಿ, ಮೇಲಿನ ಬಟ್ಟೆ ಸುಕ್ಕುಗಟ್ಟಿ, ಬ್ಲೌಸ್ ವಾಪಸ್ ಬರುತ್ತದೆ.)

ಮಿಕ್ಕ 35,000 ಬ್ಯಾಂಕಿನಲ್ಲೇ ಇರಲಿ. ಎರಡು ತಿಂಗಳು ಒಂದೂ ಬ್ಲೌಸ್ ಬರದಿದ್ದರೂ ಬಾಡಿಗೆ, ಕಂತು, ಹೆಲ್ಪರ್ ಸಂಬಳ ಅದರಿಂದಲೇ ನಡೆಯುತ್ತದೆ. ಶೆಲ್ಫು ಖಾಲಿ ಕಂಡರೆ ಕಾಣಲಿ, ಹೊಲಿದಿಟ್ಟ ಬ್ಲೌಸುಗಳನ್ನು ಅಲ್ಲಿ ನೇತುಹಾಕಿ.