ಎರಡು ಎಕರೆ ಇಪ್ಪತ್ತು ಗುಂಟೆ ಅಂದ್ರೆ 2.20 ಅಲ್ಲ ಮಾರಾಯ್ರೆ!

ರಿಕ್ವೈರ್‌ಮೆಂಟ್ ರಿವ್ಯೂ ಅಂದ ಕೂಡಲೇ ನಮ್ಮ ಟೆಸ್ಟರ್‌ಗಳು ‘ಬೇಗ’, ‘ಸುಲಭವಾಗಿ’, ‘ಸೂಕ್ತವಾದ’ ಅನ್ನೋ ಪದಗಳನ್ನು ಹುಡುಕಿ ಕೆಂಪು ಗೆರೆ ಎಳೀತಾರೆ. ಎಳೀಲಿ, ತಪ್ಪೇನಿಲ್ಲ. ಆದ್ರೆ ಅವು ನೋಡಿದ ಕೂಡಲೇ ಮಸುಕು ಅಂತ ಗೊತ್ತಾಗೋ ಪದಗಳು. ನನ್ನ ಅನಿಸಿಕೆ ಏನಂದ್ರೆ, ನಿಜವಾಗಿ ಹೊಡೆತ ಕೊಡೋದು ‘ಇದು ನಂಗೆ ಗೊತ್ತು’ ಅಂತ ಎಲ್ಲರೂ ಅಂದುಕೊಂಡಿರೋ ಪದಗಳು.

ನಮ್ಮ ಗದಗ ಜಿಲ್ಲೆಯದ್ದೇ ಉದಾಹರಣೆ ತಗೊಳ್ಳೋಣ. ಬೆಳೆಹಾನಿ ಪರಿಹಾರದ ತಂತ್ರಾಂಶಕ್ಕೆ ಇಂಥದ್ದೊಂದು ಸಾಲು ಬಂತು ಅಂತಿಟ್ಟುಕೊಳ್ಳಿ:

“ಶಿರಹಟ್ಟಿಯ ರೈತರಿಗೆ ಪಹಣಿಯಲ್ಲಿರುವ ವಿಸ್ತೀರ್ಣದಂತೆ, ಗರಿಷ್ಠ 2 ಹೆಕ್ಟೇರ್‌ಗೆ ಪರಿಹಾರ ಲೆಕ್ಕ ಹಾಕಬೇಕು.”

ಓದಿದರೆ ಎಲ್ಲಾ ಸ್ಪಷ್ಟ. ಡೆವಲಪರ್ ಸಂಜೆಯೊಳಗೆ ಬರೆದು ಮುಗಿಸಬಹುದು. ಈಗ ಒಂದೊಂದೇ ಪದ ಹಿಡಿದು ನೋಡಿ.

ಮೊದಲು ‘ಶಿರಹಟ್ಟಿ’. ಊರೋ, ತಾಲ್ಲೂಕೋ, ವಿಧಾನಸಭಾ ಕ್ಷೇತ್ರವೋ? ಕ್ಷೇತ್ರ ಅಂದ್ರೆ ಮುಂಡರಗಿ ತಾಲ್ಲೂಕಿನ ಊರುಗಳೂ ಒಳಗೆ ಬರ್ತವೆ. ತಾಲ್ಲೂಕು ಅಂದ್ರೆ ಯಾವ ವರ್ಷದ್ದು? ಲಕ್ಷ್ಮೇಶ್ವರ 2018ರಲ್ಲಿ ಶಿರಹಟ್ಟಿಯಿಂದ ಬೇರೆಯಾಗಿ ತಾನೇ ತಾಲ್ಲೂಕಾಯಿತು. ಹಳೇ ಪಟ್ಟಿ ಇಟ್ಟುಕೊಂಡವನ ಲೆಕ್ಕದಲ್ಲಿ ಲಕ್ಷ್ಮೇಶ್ವರ ಒಳಗೆ, ಹೊಸ ಪಟ್ಟಿಯವನ ಲೆಕ್ಕದಲ್ಲಿ ಹೊರಗೆ. ‘ಗದಗ’ ಅಂತ ಬರೆದಿದ್ರೂ ಇದೇ ಪಾಡು. ಜಿಲ್ಲೆಯೋ, ತಾಲ್ಲೂಕೋ, ಗದಗ-ಬೆಟಗೇರಿ ನಗರವೋ?

ಎರಡನೆಯದು ‘ವಿಸ್ತೀರ್ಣ’. ಇಲ್ಲಿದೆ ನೋಡಿ ಮಜಾ. ಪಹಣಿಯಲ್ಲಿ 2.20 ಅಂತ ಇದ್ರೆ ಅದು ಎರಡು ಎಕರೆ ಇಪ್ಪತ್ತು ಗುಂಟೆ. 40 ಗುಂಟೆಗೆ ಒಂದು ಎಕರೆ, ಅಂದ್ರೆ ಎರಡೂವರೆ ಎಕರೆ. ಆ ಚುಕ್ಕೆಯನ್ನು ದಶಮಾಂಶ ಅಂದುಕೊಂಡ ಡೆವಲಪರ್‌ಗೆ ಅದು ಎರಡೂ ಕಾಲಿಗಿಂತ ಕಡಿಮೆ. 2022-26ರ ವಿಪತ್ತು ಪರಿಹಾರ ಮಾನದಂಡದಲ್ಲಿ ಮಳೆಯಾಶ್ರಿತ ಬೆಳೆಗೆ ಹೆಕ್ಟೇರಿಗೆ 8,500 ರೂಪಾಯಿ. ಒಂದು ಹೆಕ್ಟೇರ್ ಅಂದ್ರೆ 2.471 ಎಕರೆ. ಸರಿಯಾದ ಲೆಕ್ಕದಲ್ಲಿ ರೈತನಿಗೆ ಸುಮಾರು 8,600 ಸಿಗಬೇಕು, ದಶಮಾಂಶದ ಲೆಕ್ಕದಲ್ಲಿ ಸಿಗೋದು ಸುಮಾರು 7,570. ಸಾವಿರ ರೂಪಾಯಿ ಒಂದು ಚುಕ್ಕೆಯಲ್ಲಿ ಹೋಯ್ತು!

ಈ ದೋಷ ಯಾವಾಗಲೂ ಕಣ್ಣಿಗೆ ಬೀಳಲ್ಲ. 1.25 ಮತ್ತು 1.25 ಕೂಡಿಸಿದಾಗ 2.50 ಬಂದ್ರೆ ಸಿಕ್ಕಿಬೀಳುತ್ತೆ, ಯಾಕಂದ್ರೆ 50 ಗುಂಟೆ ಅಂತ ಬರೆಯೋ ಹಾಗೇ ಇಲ್ಲ. ಉತ್ತರ ಮೂರು ಎಕರೆ ಹತ್ತು ಗುಂಟೆ. ಆದ್ರೆ 1.10 ಮತ್ತು 1.10 ಕೂಡಿಸಿದರೆ ಎರಡೂ ರೀತಿಯಲ್ಲಿ 2.20. ಅಂಥ ಡೇಟಾದಲ್ಲಿ ಕೂಡಿಸೋ ಟೆಸ್ಟು ಪಾಸಾಗುತ್ತೆ, ತಪ್ಪು ಒಳಗೇ ಇರುತ್ತೆ. ಅದಕ್ಕೇ ಇದನ್ನು ಕೋಡ್ ಬರೆಯೋ ಮುಂಚೆ ಕೇಳಬೇಕು ಅನ್ನೋದು.

ಮೂರನೆಯದು ‘ಗರಿಷ್ಠ 2 ಹೆಕ್ಟೇರ್’. ಯಾರಿಗೆ? ಒಬ್ಬ ರೈತನಿಗೋ, ಒಂದು ಸರ್ವೆ ನಂಬರಿಗೋ, ಒಂದು ತಾಲ್ಲೂಕಿನೊಳಗೋ? ಒಬ್ಬರ ಹೊಲ ಶಿರಹಟ್ಟಿ ತಾಲ್ಲೂಕಿನಲ್ಲಿ ಒಂದೂವರೆ ಹೆಕ್ಟೇರ್, ಲಕ್ಷ್ಮೇಶ್ವರ ತಾಲ್ಲೂಕಿನಲ್ಲಿ ಒಂದೂವರೆ ಹೆಕ್ಟೇರ್ ಇದೆ ಅನ್ನಿ. ಮಿತಿ ರೈತನಿಗಾದ್ರೆ 17,000 ರೂಪಾಯಿ. ತಾಲ್ಲೂಕಿಗೊಂದು ಮಿತಿ ಅಂತ ಕೋಡ್ ಬರೆದ್ರೆ 25,500. ಮಾನದಂಡ ಹೇಳೋದು ರೈತನಿಗೆ ಅಂತ. ಆದ್ರೆ ನಮ್ಮ ಸಾಲಿನಲ್ಲಿ ಅದು ಇಲ್ವಲ್ಲ! ಅಣ್ಣತಮ್ಮಂದಿರ ಜಂಟಿ ಖಾತೆ ಇದ್ರೆ ಇನ್ನೊಂದು ಗೊಂದಲ.

ಹಾಗಾದ್ರೆ ಪ್ರಾಡಕ್ಟ್ ಓನರ್ ಹತ್ರ ಹೇಗೆ ಕೇಳಬೇಕು? “ಸರ್, ಇದು ಸ್ಪಷ್ಟವಾಗಿದೆಯಾ?” ಅಂದ್ರೆ “ಹೌದಪ್ಪ, ಸ್ಪಷ್ಟವಾಗಿದೆ” ಅಂತಾರೆ. ಬರೆದವರು ಅವರೇ ಅಲ್ವಾ. ಅದರ ಬದಲು ಎರಡು ಉತ್ತರ ಕೈಯಲ್ಲಿ ಹಿಡಿದುಕೊಂಡು ಹೋಗಿ:

- ಪಹಣಿಯಲ್ಲಿ 2.20 ಇದ್ರೆ ಪರಿಹಾರ 8,600ರ ಹತ್ರ ಬರಬೇಕಾ, 7,570ರ ಹತ್ರವಾ?
- ಎರಡು ತಾಲ್ಲೂಕಿನಲ್ಲಿ ಹೊಲ ಇದ್ರೆ 17,000ವಾ, 25,500ವಾ?
- ಲಕ್ಷ್ಮೇಶ್ವರದ ರೈತನ ಹೆಸರು ಈ ಪಟ್ಟಿಯಲ್ಲಿ ಬರಬೇಕಾ, ಬೇಡವಾ?
- ಜಂಟಿ ಖಾತೆಯಲ್ಲಿ ಮೂವರಿದ್ರೆ ಮಿತಿ ಒಂದೋ, ಮೂರೋ?

ಹೀಗೆ ಕೇಳಿದ್ರೆ ‘ಹೌದಪ್ಪ’ ಅನ್ನೋಕೆ ಜಾಗ ಇಲ್ಲ, ಒಂದನ್ನು ಆರಿಸಲೇಬೇಕು. ಆರಿಸಿದ ಉತ್ತರವನ್ನು ಅಂಕಿ ಸಮೇತ ಆ ರಿಕ್ವೈರ್‌ಮೆಂಟಿನ ಕೆಳಗೇ ಬರೆದಿಡಿ. ಬಾಯಿಮಾತಿನಲ್ಲಿ ಬಿಟ್ಟರೆ ಡೆವಲಪರ್‌ಗೆ ತಲುಪೋ ಹೊತ್ತಿಗೆ ಮತ್ತೆ ಮಸುಕಾಗಿರುತ್ತೆ. ಬರೆದಿಟ್ಟರೆ ನಾಳೆ ಅದೇ ನಿಮ್ಮ ಟೆಸ್ಟ್ ಕೇಸ್.

ಇದಕ್ಕೂ ಒಂದು ಮಿತಿ ಇದೆ. ಕೆಲವು ಪ್ರಶ್ನೆಗಳಿಗೆ ಪ್ರಾಡಕ್ಟ್ ಓನರ್ ಹತ್ರವೂ ಉತ್ತರ ಇರಲ್ಲ. ಜಂಟಿ ಖಾತೆಯ ವಿಷಯ ಕಂದಾಯ ಇಲಾಖೆಯವರೇ ಹೇಳಬೇಕು. ಆಗ ಟೆಸ್ಟರ್ ತಾನೇ ಒಂದು ಉತ್ತರ ಊಹಿಸಿ ಮುಂದೆ ಹೋಗಬಾರದು. “ಇದನ್ನು ಯಾರು ಹೇಳ್ತಾರೆ, ಯಾವ ದಿನದೊಳಗೆ?” ಅನ್ನೋದೇ ಮುಂದಿನ ಪ್ರಶ್ನೆ. ಉತ್ತರ ಬರೋವರೆಗೆ ಆ ಭಾಗ ಪಕ್ಕಕ್ಕಿರಲಿ, ಉಳಿದದ್ದು ನಡೀಲಿ.

ಟೆಸ್ಟಿಂಗ್ ಮಾಡೋ ಬ್ಲಾಗಿಗರು ನಮ್ಮಲ್ಲಿ ಬೇಕಾದಷ್ಟು ಜನ ಇದ್ದೀರಿ. ನಿಮ್ಮ ಕೆಲಸದಲ್ಲಿ ‘ಎಲ್ಲರಿಗೂ ಗೊತ್ತು’ ಅಂತ ಬಿಟ್ಟಿರೋ ಇಂಥ ಚುಕ್ಕೆ ಯಾವುದು? ಕಾಮೆಂಟಿನಲ್ಲಿ ಹಾಕಿ, ನೋಡೋಣ.