‘ಅವರು’ ಎಂದರೆ ಯಾರು?

ಪರಸ್ಥಳದಲ್ಲಿ ದುಡಿಯುವ ನಮ್ಮವರು ಬರೆಯುವ ಕಾಗದಗಳಲ್ಲಿ ಎರಡು ಬಗೆಯುಂಟು. ಒಂದು ಊರಿಗೆ ಬರೆಯುವುದು. ಅದರಲ್ಲಿ ಒಂದು ಮಾತು ಅಸ್ಪಷ್ಟವಾದರೂ ಓದುವ ತಾಯಿಯೋ ಅಣ್ಣನೋ ಅದನ್ನು ಸರಿಯಾಗಿಯೇ ಅರ್ಥಮಾಡಿಕೊಳ್ಳುತ್ತಾರೆ. ಇನ್ನೊಂದು ಹೋಟೆಲಿನ ಯಜಮಾನರಿಗೋ, ಕಚೇರಿಯ ಮೇಲಧಿಕಾರಿಗಳಿಗೋ ನಡೆದ ಸಂಗತಿಯನ್ನು ತಿಳಿಸಿ ಬರೆದುಕೊಡುವ ಹೇಳಿಕೆ. ಇದನ್ನು ಓದುವವರು ಘಟನೆಯ ವೇಳೆಯಲ್ಲಿ ಅಲ್ಲಿದ್ದವರಲ್ಲ. ಕಾಗದದಲ್ಲಿರುವುದಷ್ಟೇ ಅವರಿಗೆ ಆಧಾರ. ಒಬ್ಬನ ಸಂಬಳದಲ್ಲಿ ಹಣ ಮುರಿಯಬೇಕೇ ಬೇಡವೇ ಎಂಬುದು ಇಂತಹ ನಾಲ್ಕು ಸಾಲುಗಳಿಂದ ತೀರ್ಮಾನವಾಗುವುದುಂಟು. ಆ ನಾಲ್ಕು ಸಾಲುಗಳನ್ನು ಕೆಡಿಸುವ ಪದಗಳಲ್ಲಿ ‘ಅವರು’ ಎಂಬುದು ಮೊದಲನೆಯದೆಂದು ನಮ್ಮ ಅಭಿಪ್ರಾಯ.

ಕನ್ನಡದಲ್ಲಿ ‘ಅವನು’ ಎಂದರೆ ಒಬ್ಬ ಗಂಡಸು, ‘ಅವಳು’ ಎಂದರೆ ಒಬ್ಬ ಹೆಂಗಸು. ‘ಅವರು’ ಮಾತ್ರ ಹಾಗಲ್ಲ. ಅದು ಗೌರವಕ್ಕೆ ಪಾತ್ರರಾದ ಒಬ್ಬರೂ ಆಗಬಹುದು, ಹಲವರೂ ಆಗಬಹುದು. ಗಂಡಸರೂ ಆಗಬಹುದು, ಹೆಂಗಸರೂ ಆಗಬಹುದು. ನಾವು ಮರ್ಯಾದೆಯ ಜನ. ಮ್ಯಾನೇಜರರೂ ಅವರೇ, ಕ್ಯಾಶಿಯರರೂ ಅವರೇ, ಅಡುಗೆಯ ಭಟ್ಟರೂ ಅವರೇ. ಒಂದೇ ಕಾಗದದಲ್ಲಿ ಇಬ್ಬರು ಗೌರವಸ್ಥರು ಬಂದೊಡನೆ ತೊಡಕು ಮೊದಲಾಗುತ್ತದೆ.

ಮಾತಿಗಾಗಿ ಒಬ್ಬ ಗುಮಾಸ್ತನು ತನ್ನ ಯಜಮಾನರಿಗೆ ಹೀಗೆ ಬರೆದುಕೊಟ್ಟನೆಂದು ಇಟ್ಟುಕೊಳ್ಳೋಣ:

“ಮಂಗಳವಾರ ರಾತ್ರಿ ಮ್ಯಾನೇಜರರು ಕ್ಯಾಶಿಯರರಿಗೆ ತಮ್ಮ ಪೆಟ್ಟಿಗೆಯ ಹಣವನ್ನು ಎಣಿಸಲು ಹೇಳಿದರು. ಅವರು ಎಣಿಸಿ ೨,೪೦೦ ರೂಪಾಯಿ ಕಡಿಮೆಯಿದೆ ಎಂದರು. ಮಧ್ಯಾಹ್ನ ನಾನು ಬೀಗ ಹಾಕಿರಲಿಲ್ಲ ಎಂದೂ ಹೇಳಿದರು. ಆಮೇಲೆ ಕೀಲಿಕೈ ತೆಗೆದುಕೊಂಡು ಹೋದರು.”

ಬರೆದವನಿಗೆ ಇದರಲ್ಲಿ ಸಂಶಯವೇ ಇಲ್ಲ, ಏಕೆಂದರೆ ಅವನು ಕಣ್ಣಾರೆ ಕಂಡಿದ್ದಾನೆ. ಯಜಮಾನರು ಓದಿದರೆ ಏನಾಗುವುದೆಂದು ಸಾಲುಸಾಲಾಗಿ ನೋಡೋಣ.

ಮೊದಲ ಸಾಲಿನ ‘ತಮ್ಮ ಪೆಟ್ಟಿಗೆ’ ಯಾರದು? ‘ತಮ್ಮ’ ಎಂಬುದು ವಾಕ್ಯದ ಕರ್ತೃವಿಗೆ ಸೇರುವ ಪದ. ಆದುದರಿಂದ ಮ್ಯಾನೇಜರರ ಪೆಟ್ಟಿಗೆಯೆಂದಾಗುತ್ತದೆ. ಆದರೆ ಈ ಕಾಗದ ಯಜಮಾನರನ್ನು ಸಂಬೋಧಿಸಿ ಬರೆದುದು. ದೊಡ್ಡವರಿಗೆ ಬರೆಯುವಾಗ ‘ನಿಮ್ಮ’ ಎನ್ನದೆ ‘ತಮ್ಮ’ ಎನ್ನುವುದು ವಾಡಿಕೆ. ಹಾಗೆ ಓದಿದರೆ ಅದು ಯಜಮಾನರ ಸ್ವಂತ ಪೆಟ್ಟಿಗೆಯಾಗುತ್ತದೆ. ಬರೆದವನ ಮನಸ್ಸಿನಲ್ಲಿದ್ದುದೋ ಕ್ಯಾಶಿಯರರ ಗಲ್ಲಾಪೆಟ್ಟಿಗೆ!

ಎರಡನೆಯ ಸಾಲಿನಲ್ಲಿ ‘ಅವರು ಎಣಿಸಿ’ ಎಂದಿದೆ. ಹೇಳಿದವರು ಮ್ಯಾನೇಜರರು, ಹೇಳಿಸಿಕೊಂಡವರು ಕ್ಯಾಶಿಯರರು. ಎಣಿಸಿದವರು ಕ್ಯಾಶಿಯರರೇ ಇರಬೇಕೆಂದು ಊಹಿಸಬಹುದು. ಆದರೆ ಊಹೆ ಊಹೆಯೇ. ಕ್ಯಾಶಿಯರರು ಹಿಂದೆಗೆದುದರಿಂದ ಮ್ಯಾನೇಜರರೇ ಎಣಿಸಿದರೆಂದು ನಾಳೆ ಯಾರಾದರೂ ವಾದಿಸಿದರೆ, ಈ ಕಾಗದ ಅದನ್ನು ಅಲ್ಲಗಳೆಯಲಾರದು.

ಮೂರನೆಯ ಸಾಲು ಎಲ್ಲಕ್ಕಿಂತ ಅಪಾಯದ್ದು. ‘ನಾನು ಬೀಗ ಹಾಕಿರಲಿಲ್ಲ ಎಂದೂ ಹೇಳಿದರು’ ಎಂಬಲ್ಲಿ ‘ನಾನು’ ಯಾರು? ಇನ್ನೊಬ್ಬರ ಮಾತನ್ನು ಅವರ ಬಾಯಲ್ಲಿ ಬಂದಂತೆಯೇ ಇಟ್ಟು ಕೊನೆಗೆ ‘ಎಂದು’ ಸೇರಿಸುವುದು ನಮ್ಮ ಭಾಷೆಯ ಸಹಜ ರೀತಿ. ಹಾಗೆ ಓದಿದರೆ ಕ್ಯಾಶಿಯರರು ತಮ್ಮ ತಪ್ಪನ್ನು ಒಪ್ಪಿಕೊಂಡರೆಂದಾಯಿತು. ಆದರೆ ಕಾಗದಕ್ಕೆ ರುಜು ಹಾಕಿದವನು ಗುಮಾಸ್ತ. ಅವನೇ ‘ನಾನು’ ಎಂದು ಓದಿದರೆ, ಗುಮಾಸ್ತನು ಬೀಗ ಹಾಕಲಿಲ್ಲವೆಂದು ಬೇರೊಬ್ಬರು ದೂರಿದರೆಂಬ ಅರ್ಥ ಬರುತ್ತದೆ. ಸಾಕ್ಷಿ ಹೇಳಲು ಹೋದವನು ತನ್ನ ಕೈಬರಹದಿಂದಲೇ ಆರೋಪಿಯಾಗುತ್ತಾನೆ.

ನಾಲ್ಕನೆಯ ಸಾಲಿನಲ್ಲಿ ಸರ್ವನಾಮವೂ ಇಲ್ಲ. ಕನ್ನಡದಲ್ಲಿ ಕರ್ತೃಪದವನ್ನು ಬಿಟ್ಟು ಬರಿಯ ಕ್ರಿಯಾಪದದಿಂದಲೇ ವಾಕ್ಯ ನಿಲ್ಲಬಲ್ಲುದು. ‘ಹೋದರು’ ಎಂಬ ಕ್ರಿಯೆ ‘ಅವರು’ ಎಂಬುದಕ್ಕೆ ಒಪ್ಪುತ್ತದೆಯೇ ಹೊರತು, ಆ ಅವರು ಯಾರೆಂದು ಹೇಳುವುದಿಲ್ಲ. ಕೀಲಿಕೈ ಒಯ್ದವರು ಮ್ಯಾನೇಜರರೋ, ಕ್ಯಾಶಿಯರರೋ, ಇಬ್ಬರೂ ಸೇರಿಯೋ?

ಇದನ್ನು ತಿದ್ದುವುದಕ್ಕೆ ವ್ಯಾಕರಣ ಪಾಂಡಿತ್ಯ ಬೇಕಾಗಿಲ್ಲ. ಬರೆದು ಮುಗಿಸಿದ ಮೇಲೆ ಪ್ರತಿಯೊಂದು ‘ಅವರು’, ‘ತಮ್ಮ’, ‘ನಾನು’ ಎಂಬುದರ ಕೆಳಗೆ ಗೆರೆ ಎಳೆಯಬೇಕು. ಕರ್ತೃವಿಲ್ಲದ ಪ್ರತಿಯೊಂದು ಕ್ರಿಯಾಪದದ ಕೆಳಗೂ ಎಳೆಯಬೇಕು. ಒಂದೊಂದನ್ನೂ ‘ಯಾರು?’ ಎಂದು ಕೇಳಬೇಕು. ಅಲ್ಲಿಯವರೆಗಿನ ಬರಹದಿಂದಲೇ ಒಂದೇ ಉತ್ತರ ಬಂದರೆ ಆ ಪದ ಇರಲಿ. ಎರಡು ಉತ್ತರ ಬಂದರೆ ಅದನ್ನು ತೆಗೆದು ಹೆಸರನ್ನೋ ಕೆಲಸದ ಹೆಸರನ್ನೋ ಇಡಬೇಕು. ಕ್ಯಾಶಿಯರರೇ ಇಬ್ಬರಿದ್ದರೆ ‘ರಾತ್ರಿ ಪಾಳಿಯ ಕ್ಯಾಶಿಯರರು’ ಎಂದು ಬಿಡಿಸಬೇಕು. ಇನ್ನೊಬ್ಬರ ಮಾತನ್ನು ಕೊಡುವಾಗ ಆಡಿದವರ ಹೆಸರನ್ನು ಮೊದಲಿಟ್ಟು, ಮಾತಿಗೆ ಉದ್ಧರಣ ಚಿಹ್ನೆ ಹಾಕಬೇಕು. ಆಗ ಕಾಗದ ಹೀಗಾಗುತ್ತದೆ:

“ಮಂಗಳವಾರ ರಾತ್ರಿ ಗಲ್ಲಾಪೆಟ್ಟಿಗೆಯ ಹಣವನ್ನು ಎಣಿಸುವಂತೆ ಮ್ಯಾನೇಜರರು ಕ್ಯಾಶಿಯರರಿಗೆ ಹೇಳಿದರು. ಕ್ಯಾಶಿಯರರು ಎಣಿಸಿ, ೨,೪೦೦ ರೂಪಾಯಿ ಕಡಿಮೆಯಿದೆಯೆಂದು ತಿಳಿಸಿದರು. ಕ್ಯಾಶಿಯರರು ಹೇಳಿದ ಮಾತು: ‘ಮಧ್ಯಾಹ್ನ ನಾನು ಬೀಗ ಹಾಕಿರಲಿಲ್ಲ.’ ಆಮೇಲೆ ಮ್ಯಾನೇಜರರು ಕೀಲಿಕೈಯನ್ನು ತೆಗೆದುಕೊಂಡು ಹೋದರು.”

‘ಕ್ಯಾಶಿಯರರು’ ಎಂಬ ಪದ ಮತ್ತೆಮತ್ತೆ ಬಂದು ಕಿವಿಗೆ ಒರಟಾಗುವುದಲ್ಲ ಎಂದು ಕೆಲವರು ಆಕ್ಷೇಪಿಸಬಹುದು. ಒಂದೇ ಪದವನ್ನು ಪದೇಪದೇ ಬರೆಯಬಾರದೆಂದು ಶಾಲೆಯಲ್ಲಿ ಕಲಿತದ್ದು ಪ್ರಬಂಧಕ್ಕೆ ಸರಿ. ಆದರೆ ಹೇಳಿಕೆಯಲ್ಲಿ ಪುನರುಕ್ತಿ ದೋಷವಲ್ಲ, ಅದೇ ಕಾವಲು. ಹೆಸರು ಹೇಳಿದರೆ ಮರ್ಯಾದೆ ಕೆಟ್ಟೀತೆಂಬ ಅಂಜಿಕೆಯೂ ಬೇಡ. ‘ಮ್ಯಾನೇಜರರು’ ಎಂಬಲ್ಲಿ ‘ಅವರು’ ಎಂಬಲ್ಲಿರುವಷ್ಟೇ ಗೌರವವಿದೆ.

ಹಾಗೆಂದು ಎಲ್ಲ ಸರ್ವನಾಮಗಳನ್ನೂ ಕಿತ್ತೊಗೆಯಬೇಕಾಗಿಲ್ಲ. ‘ಯಜಮಾನರು ಮಾಣಿಗೆ ಅವನ ಸಂಬಳವನ್ನು ಕೊಟ್ಟರು’ ಎಂಬಲ್ಲಿ ಯಾವ ಸಂಶಯವೂ ಇಲ್ಲ. ಒಬ್ಬರು ‘ಅವರು’, ಇನ್ನೊಬ್ಬನು ‘ಅವನು’, ಭಾಷೆಯೇ ಬೇರ್ಪಡಿಸಿದೆ. ತೊಡಕಿರುವುದು ಒಂದೇ ಸರ್ವನಾಮಕ್ಕೆ ಇಬ್ಬರು ವಾರಸುದಾರರಿರುವಲ್ಲಿ ಮಾತ್ರ.

ಕೊನೆಯದಾಗಿ ಒಂದು ಎಚ್ಚರಿಕೆ. ತಿದ್ದುವಾಗ ‘ಯಾರು?’ ಎಂಬ ಪ್ರಶ್ನೆಗೆ ಬರೆದವನಿಗೇ ಉತ್ತರ ತಿಳಿಯದಿರುವುದೂ ಉಂಟು. ಕೀಲಿಕೈ ಹೋದುದನ್ನು ಕಂಡಿದ್ದಾನೆ, ಒಯ್ದವರ ಮುಖವನ್ನು ಕಂಡಿಲ್ಲ. ‘ಹೋದರು’ ಎಂಬ ಮಬ್ಬು ಮಾತು ಇದುವರೆಗೆ ಆ ಕೊರತೆಯನ್ನು ಮುಚ್ಚಿತ್ತು. ಅಲ್ಲಿ ವಾಕ್ಯ ಚೆನ್ನಾಗಲೆಂದು ತೋಚಿದ ಹೆಸರನ್ನು ತುಂಬುವುದು ಅಸ್ಪಷ್ಟತೆಗಿಂತ ದೊಡ್ಡ ಅನ್ಯಾಯ. ‘ಕೀಲಿಕೈಯನ್ನು ಯಾರು ತೆಗೆದುಕೊಂಡು ಹೋದರೆಂಬುದನ್ನು ನಾನು ನೋಡಲಿಲ್ಲ’ ಎಂದೇ ಬರೆಯಬೇಕು. ಆ ವಾಕ್ಯದಲ್ಲಿಯೂ ಯಾರು ಏನು ಮಾಡಿದರೆಂಬುದು ಸ್ಪಷ್ಟವಾಗಿಯೇ ಇದೆ: ನೋಡದೆ ಇದ್ದವನು ರುಜು ಹಾಕಿದವನು. ಕಂಡವರ ಹೆಸರನ್ನು ಕಂಡಷ್ಟಕ್ಕೆ ಬರೆದು, ಕಾಣದುದನ್ನು ಕಾಣಲಿಲ್ಲವೆಂದು ಬರೆದ ಕಾಗದದ ಕೆಳಗೆ ಯಾರೂ ಅಂಜದೆ ರುಜು ಹಾಕಬಹುದು.