ಭುವನೇಶ್ವರಿ, ಪಂಪ ಮತ್ತು ಭಕ್ತಿಯ ಪರೀಕ್ಷೆ

2025ರ ಮೈಸೂರು ದಸರಾ ಉದ್ಘಾಟನೆಗೆ ರಾಜ್ಯ ಸರ್ಕಾರವು ಬಾನು ಮುಷ್ತಾಕ್ ಅವರನ್ನು ಆಹ್ವಾನಿಸಿದಾಗ ಎದ್ದ ಆಕ್ಷೇಪಕ್ಕೆ ಮುಖ್ಯ ಆಧಾರವಾದದ್ದು ಅವರ ಕಥೆಗಳಲ್ಲ, ಎರಡೂವರೆ ವರ್ಷಗಳ ಹಿಂದಿನ ಒಂದು ಭಾಷಣ. 2023ರ ಜನವರಿಯಲ್ಲಿ ಹಾವೇರಿಯಲ್ಲಿ ನಡೆದ ಕನ್ನಡ ಸಾಹಿತ್ಯ ಸಮ್ಮೇಳನದಲ್ಲಿ ಮುಸ್ಲಿಂ ಬರಹಗಾರರಿಗೆ ತಕ್ಕ ಸ್ಥಾನ ದೊರೆಯಲಿಲ್ಲವೆಂಬ ಅಸಮಾಧಾನದಿಂದ ಬೆಂಗಳೂರಿನಲ್ಲಿ ಜನಸಾಹಿತ್ಯ ಸಮ್ಮೇಳನ ಏರ್ಪಟ್ಟಿತ್ತು. ಅಲ್ಲಿ ಅವರು ಆಡಿದ ಮಾತಿನ ಸಾರವಿಷ್ಟು: ಕನ್ನಡವನ್ನು ಭುವನೇಶ್ವರಿಯನ್ನಾಗಿ ಮಾಡಿ, ಅರಿಸಿನ ಕುಂಕುಮದ ಬಣ್ಣದ ಬಾವುಟ ಹಿಡಿಸಿ, ಸಿಂಹಾಸನದ ಮೇಲೆ ಕೂರಿಸಿದ ಮೇಲೆ ತಮ್ಮಂಥವರು ನಿಲ್ಲಬೇಕಾದ ಜಾಗ ಯಾವುದು? ಈ ಪ್ರಶ್ನೆಗೆ ಯಾರೂ ನೇರವಾಗಿ ಉತ್ತರಿಸಲಿಲ್ಲ. ಬದಲಿಗೆ, ಭುವನೇಶ್ವರಿಯನ್ನು ಒಪ್ಪದವರಿಗೆ ಚಾಮುಂಡೇಶ್ವರಿಯ ಸನ್ನಿಧಿಯಲ್ಲಿ ಏನು ಕೆಲಸವೆಂಬ ಮರುಪ್ರಶ್ನೆ ಹುಟ್ಟಿತು. ಸಾಹಿತ್ಯ ಸಮ್ಮೇಳನದ ಪ್ರಾತಿನಿಧ್ಯವನ್ನು ಕುರಿತ ವಿಮರ್ಶೆ ಹೀಗೆ ಭಕ್ತಿಯ ಪರೀಕ್ಷೆಯಾಗಿ ಮಾರ್ಪಟ್ಟಿತು.

ಈ ಪರೀಕ್ಷೆಯನ್ನು ಒಡ್ಡುವವರು ಅದನ್ನು ಮೊದಲು ಆದಿಕವಿಗೆ ಒಡ್ಡಬೇಕು. ಸಮ್ಮೇಳನಗಳನ್ನು ನಡೆಸುವ ಕನ್ನಡ ಸಾಹಿತ್ಯ ಪರಿಷತ್ತಿನ ಕಟ್ಟಡವಿರುವುದು ಬೆಂಗಳೂರಿನ ಚಾಮರಾಜಪೇಟೆಯ ಪಂಪಮಹಾಕವಿ ರಸ್ತೆಯಲ್ಲಿ. ಆ ಪಂಪನು ಕ್ರಿ.ಶ. 941ರ ಸುಮಾರಿಗೆ ರಚಿಸಿದ ‘ಆದಿಪುರಾಣ’ದ ಪೀಠಿಕಾಭಾಗದಲ್ಲಿ ಸರಸ್ವತಿಯನ್ನು ಸ್ತುತಿಸುವ ಪದ್ಯವೊಂದಿದೆ, ಕನ್ನಡ ಎಂ.ಎ. ವಿದ್ಯಾರ್ಥಿಗಳೆಲ್ಲರಿಗೂ ಅದು ಪರಿಚಿತ. ಸರಸ್ವತಿಯೆಂದರೆ ಜಿನೇಂದ್ರನ ವಾಣಿಯೇ ಹೊರತು ಹೆಣ್ಣಿನ ರೂಪ ತಾಳಿ ನಿಂತ ಬೇರೊಂದು ವಸ್ತುವಲ್ಲವೆಂದು ಪಂಪನು ಅಲ್ಲಿ ಸ್ಪಷ್ಟವಾಗಿ ನಿರಾಕರಿಸುತ್ತಾನೆ. ಆ ವಾಣಿಯನ್ನು ಭಾವಿಸಿ ಓದುವವರಿಗೆ, ಕೇಳುವವರಿಗೆ, ಪೂಜಿಸಿ ಆದರಿಸುವವರಿಗೆ ಅದು ಸೌಖ್ಯವನ್ನು ಕೊಡುತ್ತದೆ. ಅದರಿಂದಲೇ ಅವನು ವಾಗ್ವಿಲಾಸವನ್ನು ಬೇಡುತ್ತಾನೆ. ಗೌರವದಲ್ಲಿ ಕೊರತೆಯಿಲ್ಲ, ರೂಪದ ವಿಷಯದಲ್ಲಿ ಮಾತ್ರ ರಾಜಿಯಿಲ್ಲ. ನುಡಿಯನ್ನು ಸ್ತ್ರೀದೇವತೆಯೆಂದು ಒಪ್ಪದವರು ಕನ್ನಡದ ಉತ್ಸವಕ್ಕೆ ಅನರ್ಹರು ಎಂಬುದು ನಿಯಮವಾದರೆ, ಅದರಿಂದ ಮೊದಲು ಹೊರಬೀಳುವವನು ಪಂಪನೇ.

ಇದಕ್ಕೆ ಎರಡು ಆಕ್ಷೇಪಗಳು ಬರಬಹುದು. ಸರಸ್ವತಿ ಬೇರೆ, ಭುವನೇಶ್ವರಿ ಬೇರೆ ಎಂಬುದು ಒಂದು. ನಿಜ, ಆದರೆ ಇಲ್ಲಿನ ಪ್ರಶ್ನೆ ದೇವತೆಯ ಹೆಸರನ್ನು ಕುರಿತದ್ದಲ್ಲ, ನುಡಿಯ ಮೇಲಿನ ಪ್ರೀತಿಗೆ ದೇವತಾರೂಪದಲ್ಲಿನ ನಂಬಿಕೆ ಅನಿವಾರ್ಯವೇ ಎಂಬುದು. ಜೈನರಲ್ಲಿಯೂ ಸರಸ್ವತಿಯ ಪ್ರತಿಮೆಗಳಿವೆಯಲ್ಲ ಎಂಬುದು ಇನ್ನೊಂದು. ಅದೂ ನಿಜ. ಮಥುರೆಯ ಕಂಕಾಳಿ ದಿಬ್ಬದಲ್ಲಿ ದೊರೆತ, ಸರಸ್ವತಿಯ ಅತಿ ಪ್ರಾಚೀನ ಪ್ರತಿಮೆಗಳಲ್ಲಿ ಒಂದೆನಿಸಿದ ವಿಗ್ರಹವು ಜೈನರದೇ. ಪ್ರತಿಮೆಯನ್ನು ಪೂಜಿಸುವ ಸಮುದಾಯದಲ್ಲಿ ಹುಟ್ಟಿಯೂ ಕವಿಯೊಬ್ಬನು ಅದು ರೂಪವಲ್ಲ, ವಾಣಿ ಎಂದು ಹೇಳಬಹುದಾಗಿತ್ತು; ಹಾಗೆ ಹೇಳಿದ್ದಕ್ಕಾಗಿ ಕನ್ನಡ ಪರಂಪರೆ ಅವನನ್ನು ದೂರವಿಡಲಿಲ್ಲ ಎಂಬುದೇ ಇಲ್ಲಿ ಗಮನಿಸಬೇಕಾದ ಸಂಗತಿ.

ನಾಡನ್ನು ದೇವಿಯೆಂದು ಕಾಣುವುದೊಂದೇ ಕನ್ನಡದ ಪುರಾತನ ಪರಂಪರೆಯೆಂಬ ವಾದವೂ ನಿಲ್ಲುವುದಿಲ್ಲ. ಅಮೋಘವರ್ಷ ನೃಪತುಂಗನ ಆಸ್ಥಾನದಲ್ಲಿ ಶ್ರೀವಿಜಯನು ರಚಿಸಿದ ‘ಕವಿರಾಜಮಾರ್ಗ’ ನಾಡನ್ನು ಗುರುತಿಸುವುದು ಎರಡು ನದಿಗಳ ನಡುವಣ ಜನಪದವೆಂದು, ಆ ಜನರ ನುಡಿಜಾಣ್ಮೆಯಿಂದ. ಆ ವರ್ಣನೆಯಲ್ಲಿ ನಾಡದೇವಿಯಿಲ್ಲ. ನಾಡದೇವಿಯ ಕಲ್ಪನೆಗೆ ಇಂದಿನ ರಾಜಕೀಯ ಅರ್ಥ ಬಂದದ್ದು ಏಕೀಕರಣದ ಕಾಲದಲ್ಲಿ. ಕನ್ನಡಿಗರು ಮುಂಬಯಿ, ಮದರಾಸು, ಹೈದರಾಬಾದು, ಮೈಸೂರು, ಕೊಡಗು ಎಂದು ಹಂಚಿಹೋಗಿದ್ದಾಗ ಅವರಿಗೆ ಒಂದೇ ಸರ್ಕಾರವಿರಲಿಲ್ಲ, ಒಂದೇ ರಾಜಧಾನಿಯಿರಲಿಲ್ಲ. ಆಲೂರು ವೆಂಕಟರಾಯರಂಥವರು ಹಂಪಿಯ ಅವಶೇಷಗಳಲ್ಲಿ ಕಳೆದುಹೋದ ನಾಡನ್ನು ಕಂಡರು. ವಿರೂಪಾಕ್ಷನ ಗುಡಿಯ ಆವರಣದಲ್ಲಿರುವ ಭುವನೇಶ್ವರಿಯು ಕರ್ನಾಟಕದ ತಾಯಿಯಾದಳು. ಒಡೆದ ನಾಡಿಗೆ ಒಂದು ಮುಖವನ್ನು ಕೊಟ್ಟ ಈ ರೂಪಕದ ಐತಿಹಾಸಿಕ ಋಣವನ್ನು ಅಲ್ಲಗಳೆಯುವುದು ಕೃತಘ್ನತೆಯಾದೀತು. ಅದನ್ನು ಬರಿಯ ಪುರೋಹಿತಶಾಹಿಯ ಸಂಚೆಂದು ತಳ್ಳಿಹಾಕುವವರು ಏಕೀಕರಣದ ಇತಿಹಾಸವನ್ನೇ ಓದಿಲ್ಲ.

ಆದರೆ ರೂಪಕವು ರೂಪಕವಾಗಿರುವ ತನಕ ಅದು ಯಾರಿಂದಲೂ ನಂಬಿಕೆಯನ್ನು ಕೇಳುವುದಿಲ್ಲ. ಕೆ.ಎಸ್. ನಿಸಾರ್ ಅಹಮದ್ ಅವರ ‘ನಿತ್ಯೋತ್ಸವ’ ಗೀತೆ ನಾಡನ್ನು ತಾಯಿಯೆಂದೇ ಸಂಬೋಧಿಸುತ್ತದೆ; ಅದನ್ನು ಬರೆಯಲು ಅವರು ಮತವನ್ನು ಬಿಡಬೇಕಾಗಲಿಲ್ಲ, ಹಾಡುವವರೂ ಅವರ ಮತವನ್ನು ಕೇಳಲಿಲ್ಲ. 2017ರ ದಸರಾವನ್ನು ಉದ್ಘಾಟಿಸಿದವರೂ ಅವರೇ. ಕಾವ್ಯದ ತಾಯಿ ಚಿತ್ರಪಟವಾಗಿ, ಚಿತ್ರಪಟ ಮೆರವಣಿಗೆಯ ವಿಗ್ರಹವಾಗಿ, ಮ. ರಾಮಮೂರ್ತಿಯವರು ರೂಪಿಸಿದ ಬಾವುಟದ ಹಳದಿ ಕೆಂಪುಗಳು ಅರಿಸಿನ ಕುಂಕುಮವೆಂದೇ ವ್ಯಾಖ್ಯಾನಗೊಂಡಾಗ ಸ್ಥಿತಿ ಬದಲಾಗುತ್ತದೆ. ವಿಗ್ರಹಕ್ಕೆ ಪೂಜಾವಿಧಿಯುಂಟು; ಪೂಜಾವಿಧಿಯೊಡನೆ ಪೂಜಿಸಬಲ್ಲವರು, ಪೂಜಿಸಲಾರದವರು ಎಂಬ ಭೇದವೂ ಬರುತ್ತದೆ.

ಭಾರತಮಾತೆಯ ವಿಷಯದಲ್ಲಿ ಈ ತೊಡಕನ್ನು ಹಿಂದಿನವರು ಅರಿತಿದ್ದರು. ‘ವಂದೇ ಮಾತರಂ’ ಗೀತೆಯ ಮೊದಲೆರಡು ಚರಣಗಳು ನೀರು, ಗಾಳಿ, ಪೈರುಗಳ ತಾಯಿಯನ್ನು ವರ್ಣಿಸಿದರೆ, ಮುಂದೆ ಆ ತಾಯಿ ದುರ್ಗೆಯೊಡನೆ ಒಂದಾಗುತ್ತಾಳೆ. 1937ರಲ್ಲಿ ಕಾಂಗ್ರೆಸ್ ಕಾರ್ಯಸಮಿತಿಯು ರಾಷ್ಟ್ರೀಯ ಸಭೆಗಳಲ್ಲಿ ಮೊದಲೆರಡು ಚರಣಗಳನ್ನಷ್ಟೇ ಹಾಡಬೇಕೆಂದು ನಿರ್ಣಯಿಸಿತು. ಆ ನಿರ್ಣಯದ ಬಗ್ಗೆ ಇಂದಿಗೂ ಜಗಳವಿದೆ. ಆದರೆ ರೂಪಕವು ಎಲ್ಲಿ ಮುಗಿದು ದೇವತೆ ಎಲ್ಲಿ ಆರಂಭವಾಗುತ್ತದೆ ಎಂಬ ಗೆರೆಯನ್ನು ಅದು ಪಠ್ಯವನ್ನೇ ಓದಿ ಗುರುತಿಸಿತ್ತು.

ಕರ್ನಾಟಕದಲ್ಲಿ ಈ ಗೆರೆಯನ್ನು ಅಳಿಸಿದವರು ಒಂದೇ ಪಕ್ಷದವರಲ್ಲ. ಬಾನು ಅವರನ್ನು ಆಹ್ವಾನಿಸಿದ ಸರ್ಕಾರವೇ ಅದೇ ವರ್ಷದ ಜನವರಿಯಲ್ಲಿ ವಿಧಾನಸೌಧದ ಆವರಣದಲ್ಲಿ ನಾಡದೇವಿ ಭುವನೇಶ್ವರಿಯ ಕಂಚಿನ ಪ್ರತಿಮೆಯನ್ನು ಅನಾವರಣಗೊಳಿಸಿತ್ತು. ಶಾಸನಸಭೆಯ ಬಾಗಿಲಲ್ಲಿ ದೇವಿಯನ್ನು ನಿಲ್ಲಿಸಿದವರು, ಆ ದೇವಿಯ ಹೆಸರಿನಲ್ಲಿ ಒಬ್ಬ ಲೇಖಕಿಯ ಅರ್ಹತೆ ಪ್ರಶ್ನಿತವಾದಾಗ ಆಶ್ಚರ್ಯಪಡುವುದು ಸಲ್ಲದು.

ಆಹ್ವಾನವನ್ನು ಪ್ರಶ್ನಿಸಿದ ಅರ್ಜಿಗಳನ್ನು ಹೈಕೋರ್ಟು ಸೆಪ್ಟೆಂಬರ್ 15ರಂದು, ಅದರ ವಿರುದ್ಧದ ಮೇಲ್ಮನವಿಯನ್ನು ಸುಪ್ರೀಂ ಕೋರ್ಟು 19ರಂದು ವಜಾಮಾಡಿದವು. 22ರಂದು ಬಾನು ಅವರು ಚಾಮುಂಡಿಬೆಟ್ಟದಲ್ಲಿ ದೇವಿಗೆ ಪುಷ್ಪಾರ್ಚನೆ ಮಾಡಿ ದಸರಾವನ್ನು ಉದ್ಘಾಟಿಸಿದರು. ಅದು ಸರ್ಕಾರದ ಸಮಾರಂಭವೆಂಬ ನೆಲೆಯಲ್ಲಿ ಕಾನೂನಿನ ಪ್ರಶ್ನೆ ಮುಗಿಯಿತು. ಸಾಹಿತ್ಯದ ಪ್ರಶ್ನೆ ಮುಗಿದಿಲ್ಲ. ಅವರು ಹೂವು ಅರ್ಪಿಸಿದ್ದನ್ನು ತೋರಿಸಿ ಪರೀಕ್ಷೆಯಲ್ಲಿ ತೇರ್ಗಡೆಯಾದರೆಂದು ಸಂಭ್ರಮಿಸುವುದೂ ಪರೀಕ್ಷೆಯನ್ನು ಒಪ್ಪಿಕೊಂಡಂತೆಯೇ. ಭುವನೇಶ್ವರಿಯನ್ನು ಪೂಜಿಸುವವರ ಭಕ್ತಿಗೆ ಯಾವ ಸಮಜಾಯಿಷಿಯೂ ಬೇಕಿಲ್ಲ. ಪೂಜಿಸದವರ ಕನ್ನಡಕ್ಕೂ ಬೇಕಿಲ್ಲ. ಸಾಹಿತ್ಯ ಸಮ್ಮೇಳನದ ವೇದಿಕೆಯಲ್ಲಿ ಯಾರಿಗೆ ಎಡೆ ಸಿಕ್ಕಿತು, ಯಾರಿಗೆ ಸಿಗಲಿಲ್ಲ ಎಂದು 2023ರಲ್ಲಿ ಕೇಳಿದ ಪ್ರಶ್ನೆಗೆ ಉತ್ತರ ಕೊಡಬೇಕಾದದ್ದು ಪಂಪಮಹಾಕವಿ ರಸ್ತೆಯ ಸಂಸ್ಥೆ. ಆ ಉತ್ತರ ಇನ್ನೂ ಬಾಕಿಯಿದೆ.